ಅಜ್ಜಿಯ ಸೀರೆ ಕಪ್ಪಾಗಿರಲಿಲ್ಲ: ಒಂದು ಫ್ಯಾಮಿಲಿ ಫೋಟೋ ಮೈಸೂರು ಶೈಲಿಯ ಚಿತ್ರವಾದ ಪ್ರಕರಣ

ಇದು ನಾನೇ ಮಾಡಿದ ಕೆಲಸ. ಮನೆಯವರ ಗುರುತು ಸಿಗಬಾರದು ಅಂತ ಊರು, ಸಂಬಂಧ, ಕೆಲವು ವಿವರಗಳನ್ನು ಬದಲಿಸಿದ್ದೇನೆ. ತಪ್ಪುಗಳನ್ನು ಮಾತ್ರ ಹಾಗೇ ಇಟ್ಟಿದ್ದೇನೆ, ಯಾಕೆಂದರೆ ಅವು ನನ್ನವು.

ಬಂದ ಕೆಲಸ

ಮನೆಯ ಮೊಮ್ಮಗಳು ಒಂದು ಫೋಟೋ ತಂದುಕೊಟ್ಟರು. 1950ರ ದಶಕದ ಸ್ಟುಡಿಯೋ ಫೋಟೋ, ಕಪ್ಪು-ಬಿಳುಪು. ಅಜ್ಜ ಕುರ್ಚಿಯಲ್ಲಿ ಕೂತಿದ್ದಾರೆ, ಕೋಟು, ಪೇಟ, ಕನ್ನಡಕ, ಕೈಗೆ ವಾಚು. ಪಕ್ಕದಲ್ಲಿ ಅಜ್ಜಿ. ಮುಂದೆ ಮೂವರು ಮಕ್ಕಳು, ಕೊನೆಯದು ಅಜ್ಜಿಯ ಸೆರಗು ಹಿಡಿದು ನಿಂತಿದೆ. ಹಿಂದೆ ಸ್ಟುಡಿಯೋದವರ ಪರದೆ, ಅದರ ಮೇಲೆ ಬಣ್ಣದಲ್ಲಿ ಬರೆದ ಒಂದು ಕಂಬ, ಒಂದು ಮಡಿಕೆಬಿದ್ದ ತೆರೆ.

ಇದನ್ನು ಮೈಸೂರು ಶೈಲಿಯಲ್ಲಿ ಬರೆದುಕೊಡಬೇಕು, ಅರಮನೆ ಚಿತ್ರದ ಹಾಗೆ ಇರಬೇಕು, ಚಿನ್ನ ಇರಬೇಕು, ಸುತ್ತ ಅಂಚು ಇರಬೇಕು, ಆದರೆ ನೋಡಿದ ತಕ್ಷಣ ಅಜ್ಜ-ಅಜ್ಜಿ ಅಂತ ಗೊತ್ತಾಗಬೇಕು. ಕೇಳೋಕೆ ಸುಲಭ. ಈ ಕೊನೆಯ ಮಾತಿನಲ್ಲೇ ಇಡೀ ತೊಂದರೆ ಇತ್ತು.

ಮೈಸೂರು ಶೈಲಿಯಲ್ಲಿ ಮನುಷ್ಯರ ಭಾವಚಿತ್ರ ಇರಲಿಲ್ಲ ಅಂತಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಚಿತ್ರಗಾರರಿಗೆ ದೊಡ್ಡ ಆಸರೆಯಾಗಿದ್ದವರು. 1861ರ ಜಗನ್ಮೋಹನ ಅರಮನೆಯ ಗೋಡೆಗಳಲ್ಲಿ ದಸರಾ ಮೆರವಣಿಗೆ ಇದೆ. ಅವರ ಕಾಲದ ಸಂತಾನಾಂಬುಜವೂ ಇದೆ, ಅಂದರೆ ವಂಶವನ್ನೇ ತಾವರೆಯ ದಳಗಳಲ್ಲಿ ಕೂರಿಸಿ ಬರೆದದ್ದು. ಒಂಥರಾ ಫ್ಯಾಮಿಲಿ ಫೋಟೋನೇ ಅಲ್ವಾ. ಆದರೆ ನಾನು ಕಲಿತದ್ದು ಹೆಚ್ಚಾಗಿ ದೇವರ ಚಿತ್ರ. ಲಕ್ಷ್ಮಿಗೆ, ಸರಸ್ವತಿಗೆ ಅಳತೆ ಇದೆ, ಕಣ್ಣು ಹೇಗೆ, ಬೆರಳು ಹೇಗೆ ಅಂತ ಲೆಕ್ಕ ಇದೆ. ಕನ್ನಡಕ ಹಾಕಿದ ಅಜ್ಜನಿಗೆ ಯಾವ ಲೆಕ್ಕವೂ ಇಲ್ಲ.

ಮೊದಲ ಎರಡು ಸೋಲು

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಟ್ರೇಸಿಂಗ್ ಕಾಗದ ಇಟ್ಟು, ಕಂಡದ್ದನ್ನೆಲ್ಲ ಗೆರೆ ಮಾಡಿದೆ. ಮೂಗಿನ ಪಕ್ಕದ ನೆರಳು, ಗಲ್ಲದ ಕೆಳಗಿನ ಕಪ್ಪು, ಕೋಟಿನ ತೋಳಿನ ಒಳಭಾಗ, ಎಲ್ಲವೂ ಬಂತು. ಅದಕ್ಕೆ ಬಣ್ಣ ತುಂಬಿ ನೋಡಿದರೆ ಕೈಯಲ್ಲಿ ಬಣ್ಣ ಬಳಿದ ಫೋಟೋ ಥರ ಕಂಡಿತು. ಆ ಕಾಲದ ಸ್ಟುಡಿಯೋದವರು ಅದನ್ನೂ ಮಾಡುತ್ತಿದ್ದರು, ನನಗಿಂತ ಚೆನ್ನಾಗಿ.

ಎರಡನೇ ಸಲ ಉಲ್ಟಾ ಹೋದೆ. ಶೈಲಿ ಅಂದರೆ ಶೈಲಿ ಅಂತ ಎಲ್ಲರಿಗೂ ಉದ್ದ ಕಣ್ಣು, ಬಿಲ್ಲಿನಂಥ ಹುಬ್ಬು, ದುಂಡು ಮುಖ ಕೊಟ್ಟೆ. ಚಿತ್ರ ಚಂದವೇ ಇತ್ತು. ಮೊಮ್ಮಗಳು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಚೆನ್ನಾಗಿದೆ ಸರ್. ಆದ್ರೆ ಇವರು ಯಾರು?" ಅಂದರು.

ನೆರಳು ಬಿಟ್ಟರೆ ಮುಖ ಹೋಗುತ್ತದೆ, ನೆರಳು ಇಟ್ಟರೆ ಶೈಲಿ ಹೋಗುತ್ತದೆ. ನೆರಳಿಲ್ಲದ ಸಪಾಟು ಬಣ್ಣ ಅನ್ನುವುದು ಬಣ್ಣ ಹಚ್ಚುವಾಗ ಬರುವ ಪ್ರಶ್ನೆಯಲ್ಲ, ಗೆರೆ ಎಳೆಯುವಾಗಲೇ ತೀರ್ಮಾನವಾಗುವ ಪ್ರಶ್ನೆ ಅಂತ ನನಗೆ ಅರ್ಥವಾದದ್ದು ಆಗ.

ಗೆರೆಗೆ ಒಂದು ಪರೀಕ್ಷೆ

ಮೂರನೇ ಟ್ರೇಸಿಂಗಿನಲ್ಲಿ ಪ್ರತಿ ಗೆರೆಗೂ ಒಂದೇ ಪ್ರಶ್ನೆ ಕೇಳಿದೆ: ಸ್ಟುಡಿಯೋದ ದೀಪ ಎಡಗಡೆ ಬದಲು ಬಲಗಡೆ ಇದ್ದಿದ್ದರೆ ಈ ಗೆರೆ ಇರುತ್ತಿತ್ತಾ? ಹುಬ್ಬು ಇರುತ್ತಿತ್ತು. ಕೂದಲು ಶುರುವಾಗುವ ಅಂಚು, ಕಿವಿಯ ಆಕಾರ, ತುಟಿಯ ಗೆರೆ, ಮೂಗಿನ ತುದಿ ಇರುತ್ತಿದ್ದವು. ಇವನ್ನು ಇಟ್ಟುಕೊಂಡೆ. ಮೂಗಿನ ಪಕ್ಕದ ಕಪ್ಪು, ಕುತ್ತಿಗೆಯ ನೆರಳು, ಕನ್ನಡಕದ ಗಾಜಿನ ಮೇಲಿನ ಬಿಳಿ ಹೊಳಪು ಇರುತ್ತಿರಲಿಲ್ಲ. ಇವನ್ನೆಲ್ಲ ಅಳಿಸಿದೆ. ಕನ್ನಡಕ ಬರೀ ಎರಡು ಸಣ್ಣ ಗೆರೆಯ ಸುತ್ತು ಆಯಿತು, ಒಳಗೆ ಕಣ್ಣು ಪೂರ್ತಿ ಕಾಣುವ ಹಾಗೆ.

ಸಿಕ್ಕಿಬಿದ್ದದ್ದು ಅಜ್ಜನ ಕೆನ್ನೆಯಲ್ಲಿ. ಅವರದು ಗುಳಿಬಿದ್ದ ಕೆನ್ನೆ. ಫೋಟೋದಲ್ಲಿ ಅದು ಗೊತ್ತಾಗುವುದು ನೆರಳಿನಿಂದ ಮಾತ್ರ. ನನ್ನ ಪರೀಕ್ಷೆಯ ಪ್ರಕಾರ ಅಳಿಸಿದೆ, ಅಜ್ಜ ಇಪ್ಪತ್ತು ವರ್ಷ ಚಿಕ್ಕವರಾದರು. ಹಾಗಾಗಿ ಒಂದು ವಿನಾಯಿತಿ ಬೇಕಾಯಿತು. ನೆರಳು ಬೆಳಕಿನದಾದರೆ ಬಿಡು, ಮೂಳೆಯದಾದರೆ ಗೆರೆಯಾಗಿ ಬದಲಿಸು. ಕೆನ್ನೆಯ ಮೂಳೆಯಿಂದ ಬಾಯಿಯ ಕೊನೆಯ ಕಡೆಗೆ ಇಳಿಯುವ ಒಂದೇ ಒಂದು ಗೆರೆ ಎಳೆದೆ, ಚರ್ಮದ ಬಣ್ಣಕ್ಕಿಂತ ಒಂದು ಚೂರು ಗಾಢವಾದ ಕಂದು, ಕೂದಲಿನಷ್ಟು ತೆಳು. ಅಷ್ಟಕ್ಕೇ ಅಜ್ಜ ವಾಪಸ್ ಬಂದರು. ಮೈಸೂರು ಶೈಲಿಯಲ್ಲಿ ಮುಖಕ್ಕೆ ತೀರಾ ತೆಳುವಾದ ಛಾಯೆ ಕೊಡುವುದು ಉಂಟು, ಅದನ್ನು ಕೊನೆಯಲ್ಲಿ ಕೆನ್ನೆ ಮತ್ತು ಗಲ್ಲಕ್ಕೆ ಕೊಟ್ಟೆ. ಆದರೆ ಹೋಲಿಕೆ ನಿಂತದ್ದು ಗೆರೆಯ ಮೇಲೆ.

ಮುಖದಲ್ಲಿ ನಿಜ, ಮೈಯಲ್ಲಿ ಶೈಲಿ ಅಂತ ಹಂಚಿಕೊಂಡೆ. ಕೈ, ಬೆರಳು, ಸೀರೆಯ ಮಡಿಕೆ, ಕೂತ ಭಂಗಿ, ಕುರ್ಚಿ ಇವೆಲ್ಲ ಸಂಪ್ರದಾಯದ ಪ್ರಕಾರ. ಕಣ್ಣನ್ನು ಮಾತ್ರ ಸ್ವಲ್ಪವೇ ಉದ್ದ ಮಾಡಿದೆ. ಹಿಂದಿನ ಪರದೆಯಲ್ಲಿದ್ದ ಕಂಬ ಮತ್ತು ತೆರೆಯನ್ನು ಬಿಡಲಿಲ್ಲ. ಒಂದು ಕಂಬಕ್ಕೆ ಜೊತೆ ಕೊಟ್ಟು ಎರಡು ಮಾಡಿ, ಮೇಲೆ ಕಮಾನು ಎಳೆದರೆ ಮಂಟಪವೇ ಆಯಿತು.

ಬಣ್ಣದ ಜಗಳ

ಅಜ್ಜಿಯ ಸೀರೆ ಫೋಟೋದಲ್ಲಿ ಕಪ್ಪಗಿದೆ. ಒಬ್ಬರು ಕಡು ಹಸಿರು ಅಂದರು, ಇನ್ನೊಬ್ಬರು ನೀಲಿ. ನಾನು ಹಸಿರಿಗೆ ಒಲವು ತೋರಿಸಿದ್ದೆ, ಮೈಸೂರು ಚಿತ್ರದಲ್ಲಿ ಹಸಿರು ಚೆನ್ನಾಗಿ ಕೂರುತ್ತದೆ ಅಂತ.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಹಳೆಯ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುವುದಿಲ್ಲ. ಕೆಂಪು ಬಟ್ಟೆ ಅದರಲ್ಲಿ ಕಪ್ಪಾಗಿ ಬರುತ್ತದೆ, ತುಟಿ ಗಾಢವಾಗುತ್ತದೆ, ನಮ್ಮ ಕಂದು ಚರ್ಮವೂ ಇದ್ದದ್ದಕ್ಕಿಂತ ಕಪ್ಪಾಗುತ್ತದೆ. ನೀಲಿ ಬಿಳಿಚಿಕೊಳ್ಳುತ್ತದೆ. ಹಾಗಾಗಿ ಕಪ್ಪು ಕಂಡ ಸೀರೆ ಕೆಂಪು ಇರುವ ಸಾಧ್ಯತೆಯೇ ಜಾಸ್ತಿ. ಈ ಫೋಟೋ ಯಾವ ಫಿಲ್ಮಿನದೋ ಹೇಳಲು ದಾರಿ ಇರಲಿಲ್ಲ, ಆದರೆ ಅಜ್ಜಿಯ ಹಣೆಯ ಕುಂಕುಮ ಇಂಕಿನಷ್ಟು ಕಪ್ಪಗಿತ್ತು, ಸೀರೆಯೂ ಅಷ್ಟೇ ಕಪ್ಪಗಿತ್ತು. "ಹಳೇ ಸೀರೆ ಏನಾದ್ರೂ ಮನೇಲಿ ಉಳಿದಿದ್ಯಾ?" ಅಂತ ಕೇಳಿದೆ. ಟ್ರಂಕಿನ ತಳದಲ್ಲಿ ಸಿಕ್ಕಿತು. ಮಡಿಕೆಯಲ್ಲಿ ಹರಿದಿತ್ತು, ಆದರೆ ಅಂಚು ಫೋಟೋದಲ್ಲಿದ್ದದ್ದೇ. ಬಣ್ಣ ಕುಂಕುಮ ಕೆಂಪು.

ಚಿತ್ರದ ಲೆಕ್ಕವೇ ಬದಲಾಯಿತು. ಸೀರೆ ಕೆಂಪಾದರೆ ಹಿಂದಿನ ಗೋಡೆ ಕೆಂಪಿರಬಾರದು, ಹಾಗಾಗಿ ಹಸಿರು ಹಿಂದಕ್ಕೆ ಹೋಯಿತು. ಅಜ್ಜನ ಕೋಟು ಕಪ್ಪು ಅಂತ ಎಲ್ಲರಿಗೂ ಖಾತ್ರಿ ಇತ್ತು, ಆದರೂ ಶುದ್ಧ ಕಪ್ಪು ಹಾಕಲಿಲ್ಲ. ಸಪಾಟು ಕಪ್ಪು ಚಿತ್ರದಲ್ಲಿ ತೂತು ಬಿದ್ದ ಹಾಗೆ ಕಾಣುತ್ತದೆ. ಗಾಢ ನೀಲಿಗೆ ಕಪ್ಪು ಬೆರೆಸಿದೆ.

ಸಪಾಟು ಹಚ್ಚುವುದು ಸುಲಭ ಅಂದುಕೊಂಡವರು ಒಮ್ಮೆ ಹಚ್ಚಿ ನೋಡಬೇಕು. ಒಂದೇ ದಪ್ಪ ಕೋಟು ಹಾಕಿದರೆ ಕುಂಚದ ಗೀರು ಉಳಿಯುತ್ತದೆ, ಒಣಗಿದ ಮೇಲೆ ಬಿರಿಯುತ್ತದೆ. ತೆಳುವಾಗಿ ಎರಡು ಮೂರು ಸಲ, ಒಂದು ಒಣಗಿದ ಮೇಲೆ ಇನ್ನೊಂದು, ಮೊದಲನೆಯದು ಅಡ್ಡಕ್ಕೆ ಹಚ್ಚಿದ್ದರೆ ಮುಂದಿನದು ಉದ್ದಕ್ಕೆ. ಬಣ್ಣದಲ್ಲಿ ಗೋಂದು ಕಮ್ಮಿಯಾದರೆ ಬೆರಳಿಗೆ ಪುಡಿ ಅಂಟುತ್ತದೆ, ಜಾಸ್ತಿಯಾದರೆ ಅಲ್ಲಲ್ಲಿ ಮಿಂಚುತ್ತದೆ. ಒಂದು ಹಲಗೆ ಚೂರಿನ ಮೇಲೆ ಹಚ್ಚಿ, ಒಣಗಿಸಿ, ಬೆರಳಾಡಿಸಿ ನೋಡುವುದೇ ಪರೀಕ್ಷೆ. ಸೀರೆಯ ಮಡಿಕೆಗಳನ್ನು ನೆರಳಿನಲ್ಲಿ ತೋರಿಸದೆ, ಅದೇ ಕೆಂಪಿನ ಗಾಢ ಗೆರೆಗಳಲ್ಲಿ ತೋರಿಸಿದೆ.

ಚಿನ್ನ

ಇಲ್ಲಿ ಎರಡು ಜಗಳ: ಒಂದು ಮನೆಯವರ ಜೊತೆ, ಇನ್ನೊಂದು ಹವಾಮಾನದ ಜೊತೆ.

ಮನೆಯವರು ತಂಜಾವೂರು ಚಿತ್ರಗಳನ್ನು ನೋಡಿದ್ದರು. ಅಲ್ಲಿ ಚಿನ್ನದ ಕೆಳಗಿನ ಉಬ್ಬು ದಪ್ಪ, ಚಿನ್ನ ಧಾರಾಳ, ಗಾಜಿನ ಕಲ್ಲು ಕೂರಿಸಿರುತ್ತಾರೆ. "ಅಜ್ಜಿಗೆ ಒಂದು ಸೊಂಟದ ಡಾಬು, ಎರಡು ಸರ ಜಾಸ್ತಿ ಹಾಕಿಬಿಡಿ" ಅಂದರು. ಮೈಸೂರಿನದು ಬೇರೆ. ಉಬ್ಬು ಬೆರಳಿಗೆ ಗೊತ್ತಾಗಬೇಕು, ಕಣ್ಣಿಗೆ ಹೊಡೆಯಬಾರದು. ಅದಕ್ಕಿಂತ ಮುಖ್ಯ, ಅಜ್ಜಿ ಆ ಫೋಟೋದಲ್ಲಿ ಹಾಕಿಕೊಂಡಿರುವುದು ತಾಳಿ, ಒಂದು ಎಳೆ ಸರ, ಓಲೆ, ಮೂಗುತಿ, ಬಳೆ. ಇಲ್ಲದ ಒಡವೆ ಹಾಕಿದರೆ ಮತ್ತೆ ಲಕ್ಷ್ಮಿಯಾಗಿಬಿಡುತ್ತಾರೆ. ಮನುಷ್ಯರ ಮೇಲೆ ಫೋಟೋದಲ್ಲಿರುವ ಚಿನ್ನ ಮಾತ್ರ, ಧಾರಾಳ ಮಾಡಬೇಕಾದರೆ ಮಂಟಪಕ್ಕೂ ಅಂಚಿಗೂ ಅಂತ ಒಪ್ಪಿಸಿದೆ. ಅಜ್ಜನಿಗೆ ಪೇಟದ ಜರಿ, ಕನ್ನಡಕದ ಫ್ರೇಮು. ವಾಚಿಗೆ ಚಿನ್ನ ಬೇಡ ಅಂದೆ, ಅದು ಉಕ್ಕಿನದು ಅಂತ ದೊಡ್ಡ ಮಗಳೇ ಹೇಳಿದ್ದರು.

ಚಿನ್ನದ ಕೆಳಗಿನ ಉಬ್ಬು ಕೆಲಸಕ್ಕೆ ಹಳಬರು ಮಕ್ಕಿ ಸಫೇದ ಬಳಸುತ್ತಿದ್ದರು. ಸೀಸದ ಬಿಳಿಪುಡಿ, ಗೋಂದು, ಮಕ್ಕಿ ಅನ್ನುವ ಹಳದಿ ಅಂಟು ಸೇರಿಸಿ ಅರೆದದ್ದು. ಸೀಸ ವಿಷ, ಹಾಗಾಗಿ ನಾನು ಜಿಂಕ್ ಬಿಳಿ ಹಾಕುತ್ತೇನೆ. ಮಕ್ಕಿ ಹೊಟ್ಟೆಗೆ ಹೋದರೆ ಭೇದಿ ಖಂಡಿತ. ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡುವ ಚಾಳಿ ಇದ್ದವರು ಇಲ್ಲಾದರೂ ಬಿಡಿ. ಆ ಹಳದಿ ಸುಮ್ನೆ ಅಲ್ಲಿಲ್ಲ. ಮೇಲೆ ಅಂಟಿಸುವ ಚಿನ್ನದ ತೆಳು ಹಾಳೆ, ಅಂದರೆ ರೇಕು, ಎಲ್ಲಾದರೂ ಸಣ್ಣಗೆ ಬಿಟ್ಟರೂ ಒಳಗಿನಿಂದ ಬಿಳಿ ಕಾಣದೆ ಹಳದಿ ಕಾಣುತ್ತದೆ, ಕಣ್ಣಿಗೆ ತಿಳಿಯುವುದಿಲ್ಲ.

ಪೇಸ್ಟ್ ಕುಂಚದ ತುದಿಯಿಂದ ನೂಲಿನ ಹಾಗೆ ಇಳಿಯಬೇಕು. ಹನಿ ಬಿದ್ದರೆ ನೀರು ಜಾಸ್ತಿ, ಕಡಿದುಹೋದರೆ ಗಟ್ಟಿ. ಕಮಾನಿನ ಮೇಲೆ ನಾನು ಆತುರಪಟ್ಟೆ. ಮೂರು ತೆಳು ಕೋಟಿನಲ್ಲಿ ಏರಿಸಬೇಕಾದದ್ದನ್ನು ಒಂದೇ ಸಲ ಏರಿಸಿದೆ. ಮರುದಿನ ನೋಡಿದರೆ ಒಣಗಿದ ಕೆರೆಯ ಹಾಗೆ ಬಿರುಕು. ಮೇಲ್ಭಾಗ ಬೇಗ ಒಣಗಿ ಎಳೆದಿತ್ತು, ಒಳಗೆ ಇನ್ನೂ ಹಸಿ. ಕೆರೆದು ತೆಗೆದು ಮತ್ತೆ ಮಾಡಿದೆ.

ದೊಡ್ಡ ಪೆಟ್ಟು ಬಿದ್ದದ್ದು ರೇಕು ಅಂಟಿಸುವಾಗ. ಈ ಕೆಲಸಕ್ಕೆ ಬೆಳಗಿನ ಹೊತ್ತು ಒಳ್ಳೆಯದು, ಗಾಳಿಯಲ್ಲಿ ತೇವ ಇರುತ್ತದೆ, ಗೋಂದು ಮೆತ್ತಗಿರುವಾಗಲೇ ರೇಕು ಹಿಡಿದುಕೊಳ್ಳುತ್ತದೆ. ಫ್ಯಾನ್ ಆಫ್, ಕಿಟಕಿ ಮುಚ್ಚಿ, ಉಸಿರು ಕೂಡ ಪಕ್ಕಕ್ಕೆ ಬಿಡಬೇಕು. ಇಷ್ಟೆಲ್ಲ ಮಾಡಿದೆ. ಆದರೆ ಅದು ಜುಲೈ, ವಾರದಿಂದ ಮಳೆ. ಹಿಂದಿನ ಹಸಿರನ್ನು ನಾನು ಆಗಲೇ ಹಚ್ಚಿ ಮುಗಿಸಿದ್ದೆ, ಆ ಹಸಿರಿನಲ್ಲೂ ಇರುವುದು ಅದೇ ಗೋಂದು ತಾನೇ. ತೇವಕ್ಕೆ ಅದೂ ಚೂರು ಮೆತ್ತಗಾಗಿತ್ತು. ರೇಕು ಇಟ್ಟು, ಒತ್ತಿ, ಒಣಗಿದ ಮೇಲೆ ಮೆತ್ತನೆ ಕುಂಚದಿಂದ ಗುಡಿಸಿದರೆ ಬೇಡದ ಚಿನ್ನ ಹೋಗಬೇಕು. ಹೋಗಲಿಲ್ಲ. ಹಸಿರು ಗೋಡೆ ತುಂಬ ಚಿನ್ನದ ಧೂಳು, ಮದುವೆ ಮನೆ ಗ್ಲಿಟರ್ ಥರ.

ಒದ್ದೆ ಹತ್ತಿಯಲ್ಲಿ ಒರೆಸಿ ನೋಡಿದೆ, ಹಸಿರೂ ಬಂತು. ಕೊನೆಗೆ ಆ ಭಾಗವನ್ನು ಪೂರ್ತಿ ತೊಳೆದು, ಚಿನ್ನ ಮುಗಿಸಿ, ಆಮೇಲೆ ಹಸಿರನ್ನು ಹೊಸದಾಗಿ ಹಚ್ಚಿದೆ, ಚಿನ್ನದ ಅಂಚಿನವರೆಗೆ ಕುಂಚ ತಂದು ನಿಲ್ಲಿಸುತ್ತಾ. ಬಣ್ಣ ಮೊದಲು, ಚಿನ್ನ ಆಮೇಲೆ ಅನ್ನುವುದು ನಾನು ಕಲಿತ ಕ್ರಮ, ಒಣ ದಿನಗಳಲ್ಲಿ ಅದು ಸರಿಯೇ. ಮಳೆಗಾಲದಲ್ಲಿ ಈಗ ಉಲ್ಟಾ ಮಾಡುತ್ತೇನೆ. ಅನುಮಾನ ಇದ್ದರೆ ಬಣ್ಣದ ಮೂಲೆಗೆ ಬೆರಳಿನ ಹಿಂಬದಿ ಇಟ್ಟು ನೋಡಿ. ಚೂರಾದರೂ ಅಂಟುವ ಹಾಗೆ ಅನಿಸಿದರೆ ಆ ದಿನ ರೇಕಿನ ಪುಸ್ತಕ ತೆಗೆಯಲೇಬೇಡಿ.

ಕೊನೆಗೆ ತೆಳು ಕಾಗದ ಹೊದಿಸಿ ನುಣುಪು ಕಲ್ಲಿನಿಂದ ಉಜ್ಜುವುದು. ಒಳಗೆ ಹಸಿ ಉಳಿದಿದ್ದರೆ ಉಬ್ಬು ಚಪ್ಪಟೆಯಾಗುತ್ತದೆ, ಹಾಗಾಗಿ ಆ ಸಲ ಪೂರ್ತಿ ಒಂದು ವಾರ ಬಿಟ್ಟೆ. ಉಜ್ಜಿದ ಮೇಲೆ ಚಿನ್ನದ ಸುತ್ತ ತೆಳುವಾದ ಕೆಂಪುಗಂದು ಗೆರೆ. ಈ ಗೆರೆ ಇಲ್ಲದಿದ್ದರೆ ಚಿನ್ನ ಬಣ್ಣದ ಮೇಲೆ ತೇಲಿದ ಹಾಗೆ ಕಾಣುತ್ತದೆ.

ಅಂಚಿನ ಲೆಕ್ಕ

ಅಂಚಿಗೆ ಯಾವ ವಿನ್ಯಾಸ? ಮನೆಯಲ್ಲೊಬ್ಬರು ಮೇಲೆ ನಡುವೆ ಗಂಡಭೇರುಂಡ ಕೇಳಿದರು. ಅದು ಒಡೆಯರ ಲಾಂಛನ, ಈಗ ಸರ್ಕಾರದ ಲಾಂಛನದಲ್ಲೂ ಇದೆ, ಮೇಷ್ಟ್ರಾಗಿದ್ದ ಅಜ್ಜನ ಮನೆಯ ಚಿತ್ರಕ್ಕೆ ಯಾಕೆ ಅಂದೆ. ಟ್ರಂಕಿನ ಸೀರೆ ಎದುರಿಗೇ ಇತ್ತು. ಅದರ ಅಂಚಿನಲ್ಲಿ ಬಳ್ಳಿ, ಬಳ್ಳಿಯ ನಡುವೆ ಹೂವು. ಅದನ್ನೇ ತೆಗೆದುಕೊಂಡೆ.

ಹಲಗೆ 18 ಇಂಚು ಅಗಲ, 24 ಇಂಚು ಎತ್ತರ. ಅಂಚು ಒಂದೂವರೆ ಇಂಚು. ಎಡ ಮೂಲೆಯಿಂದ ಶುರು ಮಾಡಿ ಎರಡು ಇಂಚಿಗೊಂದು ಹೂವು ಅಂತ ಹೊರಟೆ, ಕೆಳಗಿನ ಸಾಲಿನ ಉಬ್ಬು ಕೆಲಸವನ್ನೂ ಮಾಡಿಬಿಟ್ಟೆ. ಬಲ ಮೂಲೆಗೆ ಬಂದರೆ ಅರ್ಧ ಹೂವು ಉಳಿಯಿತು. ಆಗಲಾದರೂ ಕಾಗದ ಪೆನ್ಸಿಲ್ ಹಿಡಿದೆ. ನಾಲ್ಕು ಮೂಲೆಗೆ ಒಂದೂವರೆ ಇಂಚಿನ ಚೌಕ ಬಿಟ್ಟರೆ ಉಳಿಯುವುದು ಅಡ್ಡಕ್ಕೆ 15, ಉದ್ದಕ್ಕೆ 21. ಎರಡಿಂಚಿನ ಹೂವು ಅಡ್ಡಕ್ಕೆ ಏಳೂವರೆ ಬರುತ್ತದೆ, ಉದ್ದಕ್ಕೆ ಹತ್ತೂವರೆ. ಎರಡೂ ಕಡೆ ಅರ್ಧ. ಒಂದೂವರೆ ಇಂಚು ಮಾಡಿದರೆ ಹತ್ತು ಮತ್ತು ಹದಿನಾಲ್ಕು, ಸರಿಯಾಗಿ ಕೂರುತ್ತದೆ, ಆದರೆ ಸರಿಸಂಖ್ಯೆ, ನಟ್ಟನಡುವೆ ಹೂವು ಬರದೆ ಖಾಲಿ ಬರುತ್ತದೆ. ಮೂರು ಇಂಚು ಮಾಡಿದರೆ ಐದು ಮತ್ತು ಏಳು. ಎರಡೂ ಬೆಸ, ನಾಲ್ಕೂ ಬದಿಯ ನಡುವೆ ಒಂದೊಂದು ಹೂವು. ಬಳ್ಳಿ ಆ ನಡುವಿನ ಹೂವಿನಿಂದ ಹೊರಟು ಎರಡೂ ಮೂಲೆಗೆ ಕನ್ನಡಿಯ ಹಾಗೆ ಹರಿಯುತ್ತದೆ.

ಮೂಲೆ ಮೊದಲು, ನಡು ಆಮೇಲೆ, ಉಳಿದದ್ದು ಕೊನೆಗೆ. ಈಗ ಈ ಲೆಕ್ಕ ಮುಗಿಯದೆ ಹಲಗೆ ಕೊಯ್ಯಿಸುವುದೂ ಇಲ್ಲ, ಯಾಕೆಂದರೆ ಅಳತೆ ಅರ್ಧ ಇಂಚು ಆಚೀಚೆ ಮಾಡಿದರೆ ಎಷ್ಟೋ ಸಲ ಲೆಕ್ಕ ತಾನೇ ಸರಿಹೋಗುತ್ತದೆ.

ಕೊಟ್ಟ ಮೇಲೆ

ಆರು ವಾರ ಅಂದಿದ್ದ ಕೆಲಸ ಹನ್ನೊಂದು ವಾರ ಹಿಡಿಯಿತು. ಹೆಚ್ಚಾದ ಐದರಲ್ಲಿ ಎರಡು ವಾರ ಮುಖಕ್ಕೆ, ಮೂರು ವಾರ ಮಳೆಗೆ ಮತ್ತು ನನ್ನ ಆತುರಕ್ಕೆ. ಫ್ರೇಮಿನವರಿಗೆ ಗಾಜು ಉಬ್ಬಿಗೆ ತಾಗಬಾರದು, ನಡುವೆ ಪಟ್ಟಿ ಕೊಟ್ಟು ಜಾಗ ಬಿಡಿ ಅಂತ ಎರಡು ಸಲ ಹೇಳಬೇಕಾಯಿತು. ಮನೆಯಲ್ಲಿ ಮೊದಲು ಟ್ಯೂಬ್‌ಲೈಟಿನ ಎದುರು ನೇತುಹಾಕಿದ್ದರು, ಗಾಜಿನಲ್ಲಿ ಲೈಟೇ ಕಾಣುತ್ತಿತ್ತು. ಪಕ್ಕದ ಗೋಡೆಗೆ ಹಾಕಿಸಿದೆ, ಕಿಟಕಿಯ ಬೆಳಕು ಅಡ್ಡಲಾಗಿ ಬೀಳುವ ಕಡೆ. ಉಬ್ಬು ಎದ್ದು ಕಾಣುವುದು ಹಾಗೆ.

ಫೋಟೋದಲ್ಲಿದ್ದ ಮೂವರು ಮಕ್ಕಳಲ್ಲಿ ದೊಡ್ಡವರು ಮಾತ್ರ ಈಗ ಇದ್ದಾರೆ, ಎಂಬತ್ತು ದಾಟಿದೆ. ಹತ್ತಿರ ಬಂದು, ಕನ್ನಡಕ ತೆಗೆದು, ಬಹಳ ಹೊತ್ತು ನೋಡಿದರು. "ಅಣ್ಣನ ಕೆನ್ನೆ ಸರಿಯಾಗಿದೆ" ಅಂದರು. ಅವರ ಮನೆಯಲ್ಲಿ ಅಪ್ಪನಿಗೆ ಅಣ್ಣ ಅನ್ನುತ್ತಿದ್ದರಂತೆ. ಆಮೇಲೆ ಕೆಳಗಿನ ಬಲ ಮೂಲೆಗೆ ಬೆರಳು ತೋರಿಸಿ, "ಇಲ್ಲೇನಪ್ಪ, ಒಂದು ಉಬ್ಬು ಉಳಿದುಬಿಟ್ಟಿದೆ?" ಅಂತ ಕೇಳಿದರು. ಕೆರೆದು ತೆಗೆದ ಅರ್ಧ ಹೂವಿನ ಗುರುತು ಅದು. ಬೆಳಿಗ್ಗೆ ಬೆಳಕು ಅಡ್ಡ ಬಿದ್ದಾಗ ಮಾತ್ರ ಕಾಣುತ್ತದೆ.